ನಡು ಕುಸಿದ ಬನಾನಾ ಬ್ರೆಡ್ ರಿಪೇರಿ: ಹಣ್ಣು ಎಷ್ಟು ಕಳಿತಿರಬೇಕು, ಎಷ್ಟು ಹಾಕಬೇಕು

ತಂಗಿ ಮಾಡಿದ ಬನಾನಾ ಬ್ರೆಡ್ ನಡುವೆ ಗುಂಡಿ ಬಿದ್ದಿತ್ತು. ಮೇಲೆ ಚೆನ್ನಾಗಿ ಕೆಂಪಾಗಿದೆ, ಅಂಚು ಗಟ್ಟಿಯಾಗಿದೆ, ಒಳಗೆ ಮಾತ್ರ ಹಲ್ವದ ಹಾಗೆ ಅಂಟಂಟು. "ಕಡ್ಡಿ ಚುಚ್ಚಿ ನೋಡಿದೆ ಅಕ್ಕಾ, ಕ್ಲೀನಾಗೇ ಬಂತು, ಇನ್ನೇನು ಮಾಡ್ಬೇಕಿತ್ತು?" ಅಂತ ಅವಳ ಪ್ರಶ್ನೆ. ಅರ್ಧ ಬ್ರೆಡ್ ನನಗೆ ತಂದುಕೊಟ್ಟು, ಇದನ್ನು ಸರಿ ಮಾಡಿಕೊಡು ಅಂದಳು. ಅದನ್ನು ಸರಿ ಮಾಡೋಕೆ ಆಗಲ್ಲ. ರೆಸಿಪಿಯನ್ನು ಸರಿ ಮಾಡಬಹುದು. ಅದರ ಲೆಕ್ಕ ಇಲ್ಲಿದೆ.

ಮೊದಲು ಬ್ರೆಡ್ಡನ್ನು ನಡುವೆ ಕತ್ತರಿಸಿ ನೋಡಬೇಕು. ತಿಂದು ನೋಡಿದರೆ "ಹಸಿ ಇದೆ" ಅಂತ ಮಾತ್ರ ಗೊತ್ತಾಗುತ್ತದೆ, ಕತ್ತರಿಸಿದ ಮುಖ ನೋಡಿದರೆ ಯಾಕೆ ಹಸಿ ಇದೆ ಅನ್ನೋದೂ ಗೊತ್ತಾಗುತ್ತದೆ. ತಂಗಿಯ ಬ್ರೆಡ್ಡಿನಲ್ಲಿ ಎರಡು ಕಡೆ ತೊಂದರೆ ಇತ್ತು. ತಳದಲ್ಲಿ ಈ ತುದಿಯಿಂದ ಆ ತುದಿಯವರೆಗೆ ಒಂದು ಬೆರಳು ದಪ್ಪ, ಕಂದು ಬಣ್ಣದ, ರಂಧ್ರವೇ ಇಲ್ಲದ ಪಟ್ಟಿ. ಮೇಲಿನ ಗುಂಡಿಯ ಕೆಳಗೆ ಇನ್ನೊಂದು ಹಸಿ ಜಾಗ, ಮೇಲೆ ಅಗಲ, ಕೆಳಗೆ ಹೋಗ್ತಾ ಚೂಪು. ಈ ಎರಡಕ್ಕೂ ಕಾರಣ ಬೇರೆ ಬೇರೆ. ತಳದ ಪಟ್ಟಿ ಬಂದರೆ ಹಿಟ್ಟಿನಲ್ಲಿ ಹಣ್ಣು ಜಾಸ್ತಿ ಆಗಿದೆ, ಅಥವಾ ಹಣ್ಣಿನ ನೀರು ಜಾಸ್ತಿ ಇದೆ ಅಂತ ಅರ್ಥ. ಭಾರ ತಾಳದೆ ಅದು ಕೆಳಗೆ ಕೂತುಬಿಡುತ್ತದೆ. ಗುಂಡಿಯ ಕೆಳಗಿನ ಹಸಿ ಜಾಗ ಅಂದರೆ ಹಿಟ್ಟು ಉಬ್ಬಿದ್ದು ನಿಜ, ಆದರೆ ಅಲ್ಲಿ ಗಟ್ಟಿಯಾಗುವ ಮೊದಲೇ ಹೊರಗೆ ತೆಗೆದಿದ್ದಾರೆ ಅಥವಾ ಗಟ್ಟಿಯಾಗೋಕೆ ಮುಂಚೆಯೇ ಗಾಳಿ ಖಾಲಿಯಾಗಿದೆ. ಇನ್ನೊಂದು ಬಗೆ ಇದೆ: ಬ್ರೆಡ್ ಪೂರ್ತಿ ಬೆಂದಿರುತ್ತದೆ, ಆದರೆ ಇಡೀ ತುಂಡು ರಬ್ಬರು, ಅದರೊಳಗೆ ಉದ್ದುದ್ದ ಸುರಂಗಗಳು. ಅದು ಮೈದಾ ಹಾಕಿದ ಮೇಲೆ ಜಾಸ್ತಿ ಕಲೆಸಿದ್ದರ ಫಲ. ತಂಗಿಯದು ಹಾಗಿರಲಿಲ್ಲ, ಅವಳಿಗೆ ಕಲೆಸುವುದು ಅಂದರೇ ಸೋಮಾರಿತನ. ಇಲ್ಲಿ ಅದು ಒಳ್ಳೆಯದೇ ಆಯಿತು.

ಅವಳ ರೆಸಿಪಿ ಅಮೆರಿಕದ್ದು. ದೊಡ್ಡ ಬಾಳೆಹಣ್ಣು ಮೂರು, ಒಂದೂವರೆ ಕಪ್ ಮೈದಾ, ಒಂದು ಕಪ್ ಸಕ್ಕರೆ, ಒಂದು ಮೊಟ್ಟೆ, ಕಾಲು ಕಪ್ಪಿಗಿಂತ ಸ್ವಲ್ಪ ಜಾಸ್ತಿ ಕರಗಿಸಿದ ಬೆಣ್ಣೆ, ಒಂದು ಟೀ ಚಮಚ ಸೋಡಾ. 350 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ನಮ್ಮ 177 ಡಿಗ್ರಿಯಲ್ಲಿ ಒಂದು ಗಂಟೆ. ರೆಸಿಪಿ ತಪ್ಪಲ್ಲ, ಅಲ್ಲಿ ಲಕ್ಷಾಂತರ ಮನೆಯಲ್ಲಿ ಹೀಗೇ ಮಾಡುತ್ತಾರೆ. ತಂಗಿ ಮನೆಯಲ್ಲಿ ನಾಲ್ಕು ಪಚ್ಚಬಾಳೆ ಮೆತ್ತಗಾಗಿ ಕೂತಿದ್ದವು, ಒಂದನ್ನು ಯಾಕೆ ಬಿಸಾಡೋದು ಅಂತ ನಾಲ್ಕೂ ಹಾಕಿದಳು.

ಅದೇ ಅಂಗಡಿಯಿಂದ ಅದೇ ಗಾತ್ರದ ಹಣ್ಣು ತಂದು ಸಿಪ್ಪೆ ಸುಲಿದು ತೂಕ ಮಾಡಿದೆವು. ಒಂದೊಂದೂ ಸುಮಾರು 140 ಗ್ರಾಂ. ಅಂದರೆ ಅವಳು ಹಾಕಿದ್ದು 560 ಗ್ರಾಂ ಹಣ್ಣು, ಅದಕ್ಕೆ ಮೈದಾ 190 ಗ್ರಾಂ. ಮೈದಾದ ಮೂರರಷ್ಟು ಹಣ್ಣು! ಬಾಳೆಹಣ್ಣಿನಲ್ಲಿ ಮುಕ್ಕಾಲು ಪಾಲು ನೀರೇ. ಅಷ್ಟು ನೀರು ಕುಡಿದು ಎದ್ದು ನಿಲ್ಲುವ ಶಕ್ತಿ ಅಷ್ಟು ಮೈದಾಕ್ಕೆ ಇಲ್ಲ. ಅಮೆರಿಕದ ಲೆಕ್ಕದಲ್ಲಿ ಮಧ್ಯಮ ಗಾತ್ರದ ಬಾಳೆಹಣ್ಣು ಅಂದರೆ ಸಿಪ್ಪೆ ತೆಗೆದು 118 ಗ್ರಾಂ, ದೊಡ್ಡದು ಅಂದರೆ 136 ಗ್ರಾಂ. ನಮ್ಮಲ್ಲಿ "ಒಂದು ಬಾಳೆಹಣ್ಣು" ಅನ್ನೋದಕ್ಕೆ ಲೆಕ್ಕವೇ ಇಲ್ಲ. ಏಲಕ್ಕಿ ಬಾಳೆ ಸುಲಿದರೆ 40 ಗ್ರಾಂ ಆಸುಪಾಸು, ಪಚ್ಚಬಾಳೆ ಅದರ ಮೂರರಷ್ಟು, ನೇಂದ್ರ ಇನ್ನೂ ದೊಡ್ಡದು. ಅದೇ ರೆಸಿಪಿಯನ್ನು ಮೂರು ಏಲಕ್ಕಿಯಲ್ಲಿ ಮಾಡಿದವರು "ಒಣಗಿ ಪುಡಿಪುಡಿ ಆಯ್ತು" ಅನ್ನುತ್ತಾರೆ, ನಾಲ್ಕು ಪಚ್ಚಬಾಳೆಯಲ್ಲಿ ಮಾಡಿದವರು "ಅಂಟಂಟು" ಅನ್ನುತ್ತಾರೆ. ಇಬ್ಬರೂ ಒಂದೇ ಪುಟ ನೋಡಿ ಮಾಡಿದ್ದು.

ಹಾಗಾಗಿ ಎಣಿಕೆ ಬಿಡಿ, ತೂಕಕ್ಕೆ ಬನ್ನಿ. ಮೈದಾ 100 ಗ್ರಾಂ ಇದ್ದರೆ ಸುಲಿದ ಹಣ್ಣು 130ರಿಂದ 140 ಗ್ರಾಂ. 150 ದಾಟಿದರೆ ನಡು ಒದ್ದೆಯಾಗೋಕೆ ಶುರುವಾಗುತ್ತದೆ. ಹೆಚ್ಚು ಹಣ್ಣು ಹಾಕಿದರೆ ಹೆಚ್ಚು ರುಚಿ ಅನ್ನುವ ಆಸೆ ಬೇಡ. ರುಚಿ ಬೇಕಾದರೆ ಹೆಚ್ಚು ಕಳಿತ ಹಣ್ಣು ಹುಡುಕಬೇಕು, ಹೆಚ್ಚು ಹಣ್ಣನ್ನಲ್ಲ.

ಎಷ್ಟು ಕಳಿತಿರಬೇಕು?

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಯಾಕಂದರೆ ಎಲ್ಲರೂ ಹೇಳುವ "ಕಪ್ಪಾದಷ್ಟೂ ಒಳ್ಳೆಯದು" ಅನ್ನುವ ಮಾತು ಅರ್ಧ ಮಾತ್ರ ಸರಿ. ನಮ್ಮ ಕಡೆ ಆ ಮಾತು ಬಂದಿದ್ದು ಮಂಗಳೂರು ಬನ್ಸ್‌ನಿಂದ ಇರಬೇಕು. ಅಲ್ಲಿ ಕಪ್ಪಾದ ಹಣ್ಣು ಹಿಸುಕಿ, ಅದು ಹಿಡಿಸುವಷ್ಟು ಮೈದಾ ಹಾಕುತ್ತಾ ಹೋಗುತ್ತೇವೆ. ಹಣ್ಣು ನೀರಾಗಿದ್ದರೆ ಹಿಟ್ಟು ಒಂದು ಹಿಡಿ ಜಾಸ್ತಿ, ಗಟ್ಟಿ ಇದ್ದರೆ ಕಮ್ಮಿ, ಕೈಗೆ ಗೊತ್ತಾಗುತ್ತದೆ. ಬನಾನಾ ಬ್ರೆಡ್ಡಿನಲ್ಲಿ ಮೈದಾ ಮೊದಲೇ ನಿಗದಿ. ಹಣ್ಣು ನೀರಾಗಿದ್ದರೆ ಆ ನೀರು ನೇರವಾಗಿ ಬ್ರೆಡ್ಡಿನ ನಡುವಿಗೆ ಹೋಗುತ್ತದೆ.

ಕಾಯಿಯಲ್ಲಿ ತೂಕದ ಐದನೇ ಒಂದು ಭಾಗದಷ್ಟು ಪಿಷ್ಟ ಇರುತ್ತದೆ. ಹಣ್ಣಾಗುವುದು ಅಂದರೆ ಆ ಪಿಷ್ಟ ಸಕ್ಕರೆಯಾಗುವುದು. ಪೂರ್ತಿ ಹಣ್ಣಾದಾಗ ಪಿಷ್ಟ ಒಂದೆರಡು ಶೇಕಡಾ ಮಾತ್ರ ಉಳಿದಿರುತ್ತದೆ. ಜೊತೆಗೆ ತಿರುಳಿನ ಒಳಗಿನ ಕಟ್ಟು ಸಡಿಲವಾಗುತ್ತದೆ, ಸಿಪ್ಪೆಯ ನೀರು ತಿರುಳಿಗೆ ಇಳಿಯುತ್ತದೆ. ಇದನ್ನು ಬ್ರೆಡ್ಡಿಗೆ ಹೊಂದಿಸಿ ನೋಡಿ. ದೋರುಗಾಯಿ ಹಾಕಿದರೆ ಅದರ ಪಿಷ್ಟ ಒಲೆಯಲ್ಲಿ ನೀರು ಹೀರಿ ಗಂಜಿಯಾಗುತ್ತದೆ, ಹಿಸುಕದೆ ಉಳಿದ ಗಂಟುಗಳ ಸುತ್ತ ಅಂಟು ಅಂಟು ಜಾಗ ಆಗುತ್ತದೆ, ಒಗರೂ ಬರುತ್ತದೆ. ಪೂರ್ತಿ ಕಪ್ಪಾಗಿ ಸೋರುತ್ತಿರುವ ಹಣ್ಣು ಹಾಕಿದರೆ ಇನ್ನೊಂದು ತೊಂದರೆ: ನೀರು ಜಾಸ್ತಿ, ಸಕ್ಕರೆಯೂ ಜಾಸ್ತಿ. ಹಿಟ್ಟಿನಲ್ಲಿ ಸಕ್ಕರೆ ಹೆಚ್ಚಿದಷ್ಟೂ ಮೈದಾದ ಪಿಷ್ಟ ಬೇಯೋಕೆ, ಮೊಟ್ಟೆ ಗಟ್ಟಿಯಾಗೋಕೆ ಇನ್ನೂ ಹೆಚ್ಚು ಬಿಸಿ ಬೇಕು. ಅಂದರೆ ನಡು ಗಟ್ಟಿಯಾಗುವುದು ತಡವಾಗುತ್ತದೆ. ಅಷ್ಟರಲ್ಲಿ ಸೋಡಾದ ಗಾಳಿ ಮುಗಿದಿರುತ್ತದೆ, ಉಬ್ಬಿದ್ದು ಇಳಿಯುತ್ತದೆ. ಎರಡರ ಕೊನೆಯಲ್ಲೂ ಅಂಟೇ ಬರುತ್ತದೆ, ಕಾರಣ ಮಾತ್ರ ಬೇರೆ.

ನಡುವಿನ ಹಂತ ಹೇಗೆ ಗುರುತಿಸೋದು? ಅಮೆರಿಕದ ಚಿತ್ರಗಳಲ್ಲಿ ಹಳದಿ, ಚುಕ್ಕೆ ಇರುವ ಹಳದಿ, ಅರ್ಧ ಕಂದು, ಪೂರ್ತಿ ಕಪ್ಪು ಅಂತ ಸಾಲಾಗಿ ಇಟ್ಟಿರುತ್ತಾರೆ. ಬೆಂಗಳೂರಿನ ಏಪ್ರಿಲ್‌ನಲ್ಲಿ ಮನೆಯಲ್ಲಿ ಹಣ್ಣಾದ ಪಚ್ಚಬಾಳೆಗೆ ಆ ಚಿತ್ರ ಹಿಡಿದು ಕೂತರೆ ಆಗಲ್ಲ. ಈ ಜಾತಿಯ ಹಣ್ಣು ಸೆಕೆಯಲ್ಲಿ ಹಣ್ಣಾದರೆ ಸಿಪ್ಪೆಯ ಹಸಿರು ಪೂರ್ತಿ ಹೋಗುವುದೇ ಇಲ್ಲ. 24 ಡಿಗ್ರಿ ದಾಟಿದ ಮೇಲೆ ಒಳಗೆ ತಿರುಳು ಹಣ್ಣಾಗುತ್ತಾ ಹೋಗುತ್ತದೆ, ಹೊರಗೆ ಹಸಿರು ಹಾಗೇ ಉಳಿಯುತ್ತದೆ. ಪಚ್ಚಬಾಳೆ ಅಂತ ಹೆಸರಿರುವುದು ಸುಮ್ನೆ ಅಲ್ಲ. ಪೂರ್ತಿ ಹಳದಿ ಬಣ್ಣದ್ದು ಅಂಗಡಿಯಲ್ಲಿ ಸಿಕ್ಕರೆ ಅದು ತಂಪು ಕೋಣೆಯಲ್ಲಿ ಹಣ್ಣು ಮಾಡಿದ್ದು, ಅದಕ್ಕೆ ಚಿತ್ರದ ಲೆಕ್ಕ ನಡೆಯುತ್ತದೆ. ಮನೆಯಲ್ಲಿ ಚಿಪ್ಪು ಇಟ್ಟು ಹಣ್ಣು ಮಾಡಿದ್ದಕ್ಕೆ ನಡೆಯಲ್ಲ.

ಫ್ರಿಜ್ ಇನ್ನೊಂದು ಮೋಸ ಮಾಡುತ್ತದೆ. ಕಾಯಿಯನ್ನು ಫ್ರಿಜ್‌ನಲ್ಲಿ ಇಟ್ಟರೆ ಚಳಿಗೆ ಸಿಪ್ಪೆ ಕಪ್ಪಾಗುತ್ತದೆ, ಒಳಗೆ ಹಣ್ಣಾಗುವುದು ಮಾತ್ರ ನಿಂತುಹೋಗುತ್ತದೆ. ಹೊರಗೆ ಕಪ್ಪು, ಒಳಗೆ ಕಾಯಿ. ಮೊದಲು ಹೊರಗೇ ಹಣ್ಣು ಮಾಡಿ, ಬೇಕಾದ ಹಂತಕ್ಕೆ ಬಂದ ಮೇಲೆ ಬೇಕಾದರೆ ಫ್ರಿಜ್‌ಗೆ ಇಡಿ.

ಬಣ್ಣ ಬಿಟ್ಟು ನಾನು ನೋಡುವುದು ಇದನ್ನು: ತೊಟ್ಟಿನ ಹತ್ತಿರ ಒತ್ತಿದರೂ ಮೆತ್ತಗಿರಬೇಕು, ನಡುವಷ್ಟೇ ಮೆತ್ತಗಿದ್ದರೆ ಸಾಲದು. ಮುರಿದರೆ ತಿರುಳು ಸುಣ್ಣದ ಬಿಳಿ ಇರಬಾರದು, ಕೆನೆಯ ಬಣ್ಣಕ್ಕೆ ತಿರುಗಿ ಸ್ವಲ್ಪ ಹೊಳಪು ಬಂದಿರಬೇಕು. ಫೋರ್ಕಿನಲ್ಲಿ ಹಿಸುಕಿದರೆ ಹೆಚ್ಚು ಗಂಟಿಲ್ಲದೆ ದಪ್ಪ ಮುದ್ದೆಯಾಗಬೇಕು, ಬಟ್ಟಲಿನ ಅಂಚಿನಲ್ಲಿ ನೀರು ಬಿಡಬಾರದು. ವಾಸನೆ ಸಿಹಿಯಾಗಿರಬೇಕು, ಹುಳಿ ಹೆಂಡದ ವಾಸನೆ ಬಂದರೆ ಆ ಹಣ್ಣು ಗೊಬ್ಬರಕ್ಕೆ.

ತಂಗಿಗೆ ನಂಬಿಕೆ ಬರಲಿಲ್ಲ. ಅದಕ್ಕೆ ಶಾಲೆಯ ಪ್ರಯೋಗ ಮಾಡಿ ತೋರಿಸಿದೆ. ಗಾಯಕ್ಕೆ ಹಚ್ಚುವ ಅಯೋಡಿನ್ ದ್ರಾವಣ ಮನೆಯಲ್ಲಿ ಇರುತ್ತದಲ್ವಾ, ಅದರ ಕೆಲವು ಹನಿ ನೀರಿಗೆ ಹಾಕಿ ತಿಳಿ ಚಹಾದ ಬಣ್ಣ ಬರುವಷ್ಟು ತೆಳು ಮಾಡಿ. ಹಣ್ಣಿನ ನಡುವಿಂದ ಒಂದು ತೆಳು ಬಿಲ್ಲೆ ಕತ್ತರಿಸಿ ಅದರ ಮೇಲೆ ಎರಡು ಹನಿ. ಪಿಷ್ಟ ಇರುವ ಜಾಗ ಕಪ್ಪುನೀಲಿ ಆಗುತ್ತದೆ. ಹಸಿರು ಕಾಯಿಯ ಬಿಲ್ಲೆ ಪೂರ್ತಿ ಕಪ್ಪಾಯಿತು. ಫ್ರಿಜ್‌ನಲ್ಲಿ ಕಪ್ಪಾಗಿದ್ದ ಹಣ್ಣಿನ ಬಿಲ್ಲೆಯೂ ಬಹುತೇಕ ಕಪ್ಪೇ. ಸಿಪ್ಪೆ ಇನ್ನೂ ಹಸಿರು ಹಸಿರಾಗಿದ್ದು ಒತ್ತಿದರೆ ಮೆತ್ತಗಿದ್ದ ಪಚ್ಚಬಾಳೆಯಲ್ಲಿ ಅಲ್ಲೊಂದು ಇಲ್ಲೊಂದು ಕಲೆ ಬಂತು ಅಷ್ಟೇ. ಆಮೇಲೆ ಅವಳು ಸಿಪ್ಪೆ ನೋಡೋದು ಬಿಟ್ಟಳು. ಬಿಲ್ಲೆ ಬಿಸಾಡಿ, ತಿನ್ನಬೇಡಿ. ಪ್ರತಿ ಸಲ ಈ ಪರೀಕ್ಷೆ ಬೇಕಿಲ್ಲ. ಒಮ್ಮೆ ಕಣ್ಣಾರೆ ನೋಡಿದರೆ ಕೈ ತಾನಾಗೇ ಕಲಿಯುತ್ತದೆ.

ಹಣ್ಣು ಈಗಾಗಲೇ ಕಪ್ಪಾಗಿ ನೀರು ಬಿಟ್ಟಿದ್ದರೆ? ಬಿಸಾಡಬೇಕಿಲ್ಲ. ಹಿಸುಕಿ, ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕೈಯಾಡಿಸಿ. 380 ಗ್ರಾಂ ಮುದ್ದೆ 300 ಗ್ರಾಂಗೆ ಇಳಿದರೆ ಸಾಕು, ಬಾಣಲೆ ಸಮೇತ ತೂಕ ಮಾಡಿ ನೋಡಬಹುದು. ಪೂರ್ತಿ ಆರಿದ ಮೇಲೆ ಬಳಸಿ, ಬಿಸಿ ಇದ್ದರೆ ಮೊಟ್ಟೆ ಅಲ್ಲೇ ಬೆಂದುಹೋಗುತ್ತದೆ. ಫ್ರೀಜರಿನಲ್ಲಿ ಇಟ್ಟ ಹಣ್ಣಿಗೂ ಇದೇ ಉಪಾಯ, ಕರಗಿದ ಮೇಲೆ ಅದು ಬಿಡುವ ನೀರನ್ನು ಮಾತ್ರ ಬೇರೆ ಮಾಡಿ ಕುದಿಸಿ ಅರ್ಧಕ್ಕಿಂತ ಕಮ್ಮಿ ಮಾಡಿ ಮತ್ತೆ ಸೇರಿಸಿದರೂ ಆಯಿತು. ಹಣ್ಣಿನ ಸಿಹಿಯೆಲ್ಲ ಆ ನೀರಿನಲ್ಲೇ ಇರುತ್ತದೆ, ಚೆಲ್ಲಬೇಡಿ. ಉಲ್ಟಾ ಸಮಸ್ಯೆ, ಅಂದರೆ ಹಣ್ಣಾಗದ ಬಾಳೆಯನ್ನು ಒಲೆಯಲ್ಲಿ ಸಿಪ್ಪೆ ಸಮೇತ ಸುಟ್ಟು ಕಪ್ಪು ಮಾಡುವ ಉಪಾಯ ಕೆಲವರು ಹೇಳುತ್ತಾರೆ. ಮೆತ್ತಗಾಗುತ್ತದೆ ನಿಜ, ಹಣ್ಣಾದ ಸಿಹಿ ಮತ್ತು ಘಮ ಬರುವುದಿಲ್ಲ. ಎರಡು ದಿನ ಕಾಯುವುದೇ ವಾಸಿ.

ತೂಕ ಸರಿಯಾಯಿತು, ಗುಂಡಿ ಉಳಿಯಿತು

ಮೊದಲು ಹಣ್ಣಿನ ತೂಕ ಒಂದನ್ನೇ ಬದಲಿಸಿ ಮಾಡಿದೆವು. ಮಿಕ್ಕಿದ್ದೆಲ್ಲ ಅವಳ ರೆಸಿಪಿಯಂತೆಯೇ. ಎಲ್ಲ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಯಾಯಿತು ಅಂತ ಗೊತ್ತಾಗಲ್ಲ. ತಳದ ಒದ್ದೆ ಪಟ್ಟಿ ಹೋಯಿತು. ಮೇಲಿನ ಗುಂಡಿ ಸ್ವಲ್ಪ ಕಮ್ಮಿಯಾದರೂ ಹೋಗಲಿಲ್ಲ.

ಮುಂದಿನ ಅನುಮಾನ ಸೋಡಾ ಮೇಲೆ. ಅವಳ "ಟೀ ಚಮಚ" ಅಂದರೆ ಚಹಾಕ್ಕೆ ಸಕ್ಕರೆ ಹಾಕುವ ಸ್ಟೀಲ್ ಚಮಚ, ಅದೂ ಗೋಪುರ ಕಟ್ಟಿದ್ದು. ಅಳತೆಯ 5 ಮಿಲಿ ಚಮಚಕ್ಕೆ ಸುರಿದು ನೋಡಿದರೆ ಒಂದೂಮುಕ್ಕಾಲು ಚಮಚ ಬಂತು. ಸೋಡಾ ಜಾಸ್ತಿ ಹಾಕಿದರೆ ಜಾಸ್ತಿ ಉಬ್ಬುತ್ತದೆ, ಅದೇ ಸಮಸ್ಯೆ. ಗುಳ್ಳೆಗಳು ದೊಡ್ಡದಾಗಿ ಒಂದಕ್ಕೊಂದು ಸೇರಿ ಒಡೆಯುತ್ತವೆ. ಗೋಡೆ ಗಟ್ಟಿಯಾಗುವ ಮೊದಲೇ ಗಾಳಿ ಹೊರಗೆ ಹೋಗಿ ನಡು ಕುಸಿಯುತ್ತದೆ. ಬಾಳೆಹಣ್ಣಿನ ಹುಳಿ ತುಂಬಾ ಕಮ್ಮಿ, ಅಷ್ಟು ಸೋಡಾವನ್ನು ಪೂರ್ತಿ ಖರ್ಚು ಮಾಡುವಷ್ಟು ಇಲ್ಲ. ಉಳಿದ ಸೋಡಾ ಬಾಯಿಗೆ ಸೋಪಿನ ರುಚಿ ಕೊಡುತ್ತದೆ, ಬ್ರೆಡ್ ಕಡು ಕಂದಾಗುತ್ತದೆ. ಕಡು ಕಂದು ಬಣ್ಣ ನೋಡಿ "ಬೆಂದಿದೆ" ಅಂದುಕೊಂಡು ಬೇಗ ಹೊರಗೆ ತೆಗೆಯುವುದು ಇದರ ಮುಂದಿನ ಭಾಗ.

220 ಗ್ರಾಂ ಮೈದಾಕ್ಕೆ ಅಳತೆ ಚಮಚದಲ್ಲಿ ಮಟ್ಟ ಮಾಡಿದ ಮುಕ್ಕಾಲು ಟೀ ಚಮಚ ಸೋಡಾ ಸಾಕು. ಜೊತೆಗೆ 50 ಗ್ರಾಂ ಹುಳಿ ಮೊಸರು. ಸೋಡಾವನ್ನು ಮೈದಾ ಜೊತೆ ಜರಡಿ ಹಿಡಿಯಿರಿ, ಒಂದು ಗಂಟು ಉಳಿದರೂ ತಿನ್ನುವವರಿಗೆ ಗೊತ್ತಾಗುತ್ತದೆ. ಒದ್ದೆ ಮತ್ತು ಒಣ ಪದಾರ್ಥ ಸೇರಿದ ಕ್ಷಣದಿಂದ ಸೋಡಾ ಕೆಲಸ ಶುರು ಮಾಡುತ್ತದೆ. ಆಗ ಟಿನ್ನಿಗೆ ಎಣ್ಣೆ ಸವರುತ್ತಾ, ಬಟರ್ ಪೇಪರ್ ಹುಡುಕುತ್ತಾ ಕೂರಬಾರದು. ಒಲೆ ಕಾದಿರಬೇಕು, ಟಿನ್ ಸಿದ್ಧವಿರಬೇಕು, ಕಲೆಸಿದ ತಕ್ಷಣ ಒಳಗೆ ಹೋಗಬೇಕು. ಸಕ್ಕರೆಯನ್ನೂ ಇಳಿಸಿದೆವು, ಒಂದು ಕಪ್ ಅಂದರೆ 200 ಗ್ರಾಂ, ಅದನ್ನು 120ಕ್ಕೆ. ಹಣ್ಣು ಸರಿಯಾಗಿ ಕಳಿತಿದ್ದರೆ ಸಿಹಿ ಕಮ್ಮಿ ಅನ್ನಿಸುವುದಿಲ್ಲ, ನಡುವೂ ಬೇಗ ಗಟ್ಟಿಯಾಗುತ್ತದೆ. ಒಂದು ಮೊಟ್ಟೆಯ ಬದಲು ಎರಡು ಹಾಕಿದ್ದೂ ಅದಕ್ಕೇ, ಮೊಟ್ಟೆ ನಡುವನ್ನು ಹಿಡಿದು ನಿಲ್ಲಿಸುತ್ತದೆ.

ಈ ಸಲ ಬ್ರೆಡ್ ನಡುವೆ ಉಬ್ಬಿ ನಿಂತಿತು. ಹೊರಗೆ ತೆಗೆದ ಮೇಲೆ ನಿಧಾನಕ್ಕೆ ಇಳಿಯಿತು. ಕತ್ತರಿಸಿದರೆ ನಡುವೆ ಅದೇ ಚೂಪಾದ ಹಸಿ ಜಾಗ, ಮೊದಲಿಗಿಂತ ಚಿಕ್ಕದು. ಉಳಿದಿದ್ದು ಒಲೆ.

ಒಲೆಯ ಸುಳ್ಳು

ಅವಳ ಒಟಿಜಿ 28 ಲೀಟರಿನದು. ಬಿಸಿ ಹೊಂದಿಸಲು ತಿರುಗಿಸುವ ಗುಂಡಿಯಲ್ಲಿ 180 ಇಟ್ಟಳು. ಒಳಗೆ ಇಡುವ ಓವನ್ ಥರ್ಮಾಮೀಟರ್ ಹಾಕಿ ನೋಡಿದರೆ ಅದು 205 ತೋರಿಸಿತು. ಇದು ಅವಳ ಒಲೆಯ ದೋಷ ಮಾತ್ರ ಅಲ್ಲ. ಚಿಕ್ಕ ಒಲೆಗಳಲ್ಲಿ ರಾಡ್ ಹತ್ತುತ್ತಾ ಆರುತ್ತಾ ಇರುತ್ತದೆ, ಒಳಗಿನ ಬಿಸಿ ಮೇಲೆ ಕೆಳಗೆ ಹೋಗುತ್ತಲೇ ಇರುತ್ತದೆ, ಗುಂಡಿಯ ಅಂಕಿ ಒಂದು ಅಂದಾಜು. ಜೊತೆಗೆ ಟಿನ್ನನ್ನು ನಡುವಿನ ಹಂತದಲ್ಲಿ ಇಟ್ಟಿದ್ದಳು. ಬ್ರೆಡ್ ಉಬ್ಬಿದಾಗ ಅದರ ತಲೆ ಮೇಲಿನ ರಾಡಿಗೆ ನಾಲ್ಕು ಬೆರಳು ದೂರದಲ್ಲಿತ್ತು. 35 ನಿಮಿಷಕ್ಕೇ ಮೇಲೆ ಕೆಂಪಾಯಿತು. ಅದೇ ಹೊತ್ತಿಗೆ ನಡುವಿಗೆ ಅಡುಗೆಯ ಥರ್ಮಾಮೀಟರ್ ಚುಚ್ಚಿದ್ದರೆ 80 ಡಿಗ್ರಿಯೂ ಇರುತ್ತಿರಲಿಲ್ಲ.

ಹಾಗಾದರೆ ಕಡ್ಡಿ ಯಾಕೆ ಕ್ಲೀನಾಗಿ ಬಂತು? ಕಡ್ಡಿ ಹೊರಬರುವಾಗ ಮೇಲಿನ ಒಣ ಪದರಕ್ಕೆ ಉಜ್ಜಿಕೊಂಡು ಬರುತ್ತದೆ, ಅಂಟಿದ್ದರಲ್ಲಿ ಅರ್ಧ ಅಲ್ಲೇ ಉಳಿಯುತ್ತದೆ. ಸೀಳಿದ ಜಾಗದ ಪಕ್ಕದಲ್ಲಿ ಓರೆಯಾಗಿ ಚುಚ್ಚಿದರೆ ನಡುವಿನ ಕೆಳಭಾಗಕ್ಕೆ ತಲುಪುವುದೇ ಇಲ್ಲ. ಕಡ್ಡಿಯನ್ನೇ ನಂಬುವುದಾದರೆ ಉದ್ದದ ಬಿದಿರಿನ ಕಡ್ಡಿ ತಗೊಂಡು ನಟ್ಟನಡುವೆ ತಳ ಮುಟ್ಟುವವರೆಗೆ ಇಳಿಸಿ, ಎರಡು ಮೂರು ಕಡೆ ನೋಡಿ. ಹಣ್ಣಿನ ಚೂರು ಅಂಟಿದರೆ ಅದು ಹಿಟ್ಟಲ್ಲ, ಪಕ್ಕದಲ್ಲಿ ಮತ್ತೊಮ್ಮೆ ಚುಚ್ಚಿ. ಥರ್ಮಾಮೀಟರ್ ಇದ್ದರೆ ಈ ತಲೆನೋವೇ ಇಲ್ಲ.

ಎಷ್ಟು ಡಿಗ್ರಿ ಆಗಬೇಕು ಅನ್ನುವುದರಲ್ಲಿ ಬೆಂಗಳೂರಿನವರಿಗೆ ಒಂದು ಮಾತು. 98 ಡಿಗ್ರಿವರೆಗೆ ಕಾಯಿರಿ ಅಂತ ಕೆಲವು ಕಡೆ ಬರೆದಿರುತ್ತಾರೆ. ಅದು ಸಮುದ್ರಮಟ್ಟದ ಲೆಕ್ಕ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಕುದಿಯುವುದೇ ಸುಮಾರು 97ಕ್ಕೆ. ಒದ್ದೆ ಇರುವ ಬ್ರೆಡ್ಡಿನ ನಡು ಅದನ್ನು ದಾಟಿ ಹೋಗುವುದಿಲ್ಲ. 98 ಬರಲಿ ಅಂತ ಕಾದು ಕೂತರೆ ಅಂಚೆಲ್ಲ ಒಣಗಿ ರಸ್ಕ್ ಆಗುತ್ತದೆ. ನಾನು 94ಕ್ಕೆ ತೆಗೆಯುತ್ತೇನೆ. ಮಂಗಳೂರಿನಲ್ಲಿ ಮಾಡುವವರು 95, 96ರವರೆಗೆ ಬಿಡಬಹುದು.

ನಾವು ಮಾಡಿದ ಬದಲಾವಣೆ ಇಷ್ಟು: ಒಲೆಯ ಒಳಗೆ ನಿಜವಾಗಿ 170 ಇರುವ ಹಾಗೆ ಗುಂಡಿಯನ್ನು 150ರ ಹತ್ತಿರಕ್ಕೆ ಇಳಿಸಿದೆವು. ಮೇಲೂ ಕೆಳಗೂ ಎರಡೂ ರಾಡ್ ಇರಲಿ, ಫ್ಯಾನ್ ಬೇಡ. ಫ್ಯಾನ್ ಇದ್ದರೆ ಮೇಲಿನ ಪದರ ಬೇಗ ಗಟ್ಟಿಯಾಗಿ ಒಳಗಿನದು ಹಿಂದೆ ಬೀಳುತ್ತದೆ. ಟಿನ್ನನ್ನು ಕೆಳಗಿನ ಹಂತಕ್ಕೆ ಇಳಿಸಿದೆವು. 40 ನಿಮಿಷದವರೆಗೆ ಬಾಗಿಲು ತೆಗೆಯಲಿಲ್ಲ. ಚಿಕ್ಕ ಒಲೆಯಲ್ಲಿ ಬಾಗಿಲು ತೆಗೆದರೆ ಬಿಸಿಯೆಲ್ಲ ಒಂದೇ ಉಸಿರಿಗೆ ಹೊರಗೆ ಹೋಗುತ್ತದೆ, ಆ ಹೊತ್ತಿಗೆ ನಡು ಇನ್ನೂ ದ್ರವ. 40 ನಿಮಿಷ ಆದ ಮೇಲೆ ಮೇಲೆ ಫಾಯಿಲ್ ಸಡಿಲವಾಗಿ ಹೊದಿಸಿದೆವು, ರಾಡಿಗೆ ತಾಗದ ಹಾಗೆ. ನಡು 94 ಮುಟ್ಟಿದಾಗ ಗಂಟೆ ದಾಟಿ ಎರಡು ಮೂರು ನಿಮಿಷ ಆಗಿತ್ತು.

ಕರೆಂಟ್ ವಿಷಯ. ಮೊದಲ ಅರ್ಧ ಗಂಟೆಯಲ್ಲಿ ಕರೆಂಟ್ ಹೋದರೆ ಆ ಬ್ರೆಡ್ ಕುಸಿಯುತ್ತದೆ, ತಿರುಗಿ ಬಂದ ಮೇಲೆ ಬೇಯುತ್ತದೆ ಆದರೆ ಏಳುವುದಿಲ್ಲ. ಕೊನೆಯ ಕಾಲು ಗಂಟೆಯಲ್ಲಿ ಹೋದರೆ ಬಾಗಿಲು ಮುಚ್ಚಿಯೇ ಬಿಡಿ, ಸಾಮಾನ್ಯವಾಗಿ ಪಾರಾಗುತ್ತದೆ. ಮಳೆಗಾಲದ ಸಂಜೆ ನಾನಂತೂ ಹಿಟ್ಟು ಕಲೆಸಲ್ಲ.

ಕೊನೆಗೆ ನಿಂತ ಅಳತೆ

ಮೈದಾ 220 ಗ್ರಾಂ, ಸೋಡಾ ಮುಕ್ಕಾಲು ಟೀ ಚಮಚ, ಉಪ್ಪು ಅರ್ಧ ಟೀ ಚಮಚ. ಇವನ್ನು ಜರಡಿ ಹಿಡಿದು ಪಕ್ಕಕ್ಕಿಡಿ. ಸುಲಿದ ಪಚ್ಚಬಾಳೆ 300 ಗ್ರಾಂ ಹಿಸುಕಿ. ಬೇರೆ ಬಟ್ಟಲಿನಲ್ಲಿ ಎರಡು ಮೊಟ್ಟೆ, 120 ಗ್ರಾಂ ಸಕ್ಕರೆ, 80 ಮಿಲಿ ವಾಸನೆಯಿಲ್ಲದ ಎಣ್ಣೆ, 50 ಗ್ರಾಂ ಮೊಸರು ಸೇರಿಸಿ ಸಕ್ಕರೆ ಕರಗುವಷ್ಟು ಬೀಸಿ, ಹಣ್ಣು ಸೇರಿಸಿ. ಇಲ್ಲಿಯವರೆಗೆ ಎಷ್ಟು ಬೇಕಾದರೂ ಕಲೆಸಬಹುದು. ಮೈದಾ ಹಾಕಿದ ಮೇಲೆ ಬೀಸುವ ಕಡ್ಡಿ ಕೆಳಗಿಡಿ, ಸ್ಪ್ಯಾಚುಲಾದಲ್ಲಿ ತಳದಿಂದ ಮೇಲಕ್ಕೆ ಮಗುಚಿ. ಒಣ ಹಿಟ್ಟು ಕಾಣದಂತಾದ ಕೂಡಲೇ ನಿಲ್ಲಿಸಿ. ಒಂದೆರಡು ಸಣ್ಣ ಗಂಟು ಇದ್ದರೆ ಇರಲಿ.

ಟಿನ್ ಎಂಟೂವರೆ ಇಂಚು ಉದ್ದ, ನಾಲ್ಕೂವರೆ ಇಂಚು ಅಗಲದ್ದು. ಹಿಟ್ಟು ಮೂರನೇ ಎರಡು ಭಾಗಕ್ಕಿಂತ ಮೇಲೆ ಬರಬಾರದು. ನಿಮ್ಮ ಟಿನ್ ಚಿಕ್ಕದಿದ್ದರೆ ಮಿಕ್ಕ ಹಿಟ್ಟನ್ನು ಇಡ್ಲಿ ಬಟ್ಟಲಿಗೋ ಸ್ಟೀಲ್ ಲೋಟಕ್ಕೋ ಹಾಕಿ ಪಕ್ಕದಲ್ಲೇ ಬೇಯಿಸಿ, ಒಂದೇ ಟಿನ್ನಿಗೆ ತುಂಬಬೇಡಿ. ಹಿಟ್ಟು ಆಳವಾದಷ್ಟೂ ನಡು ಬೇಯುವುದು ತಡ. ಗಾಜಿನ ಪಾತ್ರೆ ಬಿಸಿಯಾಗುವುದು ನಿಧಾನ, ಅಲ್ಯೂಮಿನಿಯಂ ಟಿನ್ ಒಳ್ಳೆಯದು.

ಹೊರಗೆ ತೆಗೆದು ಹತ್ತು ನಿಮಿಷ ಟಿನ್ನಿನಲ್ಲೇ ಬಿಡಿ, ಆಮೇಲೆ ಎತ್ತಿ ಜಾಲರಿಯ ಮೇಲೆ ಇಡಿ. ಟಿನ್ನಿನಲ್ಲೇ ಮರೆತರೆ ಆವಿ ನೀರಾಗಿ ತಳ ಒದ್ದೆಯಾಗುತ್ತದೆ, ಸರಿಯಾಗಿ ಬೆಂದ ಬ್ರೆಡ್ಡಿಗೂ ಆಗ ಆ ಕಂದು ಪಟ್ಟಿ ಬರುತ್ತದೆ. ಕನಿಷ್ಠ ಒಂದು ಗಂಟೆ ಕತ್ತರಿಸಬೇಡಿ. ಬಿಸಿಯಲ್ಲಿ ಒಳಗಿನ ಪಿಷ್ಟ ಇನ್ನೂ ಮೆತ್ತಗಿರುತ್ತದೆ, ಆರುತ್ತಾ ಗಟ್ಟಿಯಾಗುತ್ತದೆ. ಬಿಸಿ ಬಿಸಿ ಕತ್ತರಿಸಿ "ಅಂಟು ಇದೆ" ಅಂತ ಬೈದುಕೊಂಡ ಎಷ್ಟೋ ಬ್ರೆಡ್ಡುಗಳು ಮರುದಿನಕ್ಕೆ ಸರಿ ಇರುತ್ತವೆ.

ಏಲಕ್ಕಿಯಲ್ಲಿ ಮಾಡಿದರೆ ಅದೇ 300 ಗ್ರಾಂ, ಅಂದರೆ ಏಳೆಂಟು ಹಣ್ಣು. ಅದರ ತಿರುಳು ಪಚ್ಚಬಾಳೆಗಿಂತ ಗಟ್ಟಿ, ಹಿಟ್ಟು ದಪ್ಪಗಾದರೆ ಎರಡು ದೊಡ್ಡ ಚಮಚ ಹಾಲು ಸೇರಿಸಿ. ಘಮ ಇದರಲ್ಲೇ ಚೆನ್ನ, ನನಗಂತೂ ಇದೇ ಇಷ್ಟ, ದುಡ್ಡು ಮಾತ್ರ ಜಾಸ್ತಿ. ನೇಂದ್ರವನ್ನು ಸಿಪ್ಪೆ ಪೂರ್ತಿ ಕಪ್ಪಾಗುವವರೆಗೆ ಮುಟ್ಟಬೇಡಿ, ಹಳದಿ ಇರುವಾಗ ಅದರಲ್ಲಿ ಪಿಷ್ಟ ಇನ್ನೂ ಬಹಳ ಇರುತ್ತದೆ. ಮೈದಾ ಬದಲು ಚಪಾತಿಯ ಗೋಧಿ ಹಿಟ್ಟು ಪೂರ್ತಿ ಹಾಕಿದರೆ ಮತ್ತೆ ಅಂಟು ಬರುತ್ತದೆ. ಕಲ್ಲಿನಲ್ಲಿ ಬೀಸುವಾಗ ಅದರ ಪಿಷ್ಟದ ಕಣಗಳು ಒಡೆದಿರುತ್ತವೆ, ಅದಕ್ಕೇ ಅದು ನೀರು ಜಾಸ್ತಿ ಹಿಡಿಯುತ್ತದೆ, ಚಪಾತಿ ಮೆತ್ತಗೆ ಬರುವುದೂ ಅದಕ್ಕೇ. ಅರ್ಧಕ್ಕರ್ಧ ಹಾಕಿದರೆ ತೊಂದರೆ ಇಲ್ಲ.

ಒಲೆಯಿಂದ ತೆಗೆದ ಎರಡು ಮೂರು ನಿಮಿಷದಲ್ಲಿ ನಡು ಇಳಿಯುತ್ತಿದೆ ಅಂತ ಕಂಡರೆ ಕೂಡಲೇ ಫಾಯಿಲ್ ಹೊದಿಸಿ ಮತ್ತೆ ಒಳಗಿಡಿ, ಹತ್ತು ಹದಿನೈದು ನಿಮಿಷ. ಗುಂಡಿ ಹೋಗುವುದಿಲ್ಲ, ಒಳಗೆ ಬೇಯುತ್ತದೆ. ಪೂರ್ತಿ ಆರಿದ ಮೇಲೆ ಮತ್ತೆ ಒಲೆಗೆ ಇಟ್ಟರೆ ಹೊರಗೆ ಸುಡುತ್ತದೆಯೇ ಹೊರತು ನಡು ಸರಿಯಾಗಲ್ಲ. ಅಂಥದ್ದನ್ನು ಅರ್ಧ ಇಂಚು ದಪ್ಪ ಕತ್ತರಿಸಿ ಹೆಂಚಿನ ಮೇಲೆ ತುಪ್ಪ ಹಾಕಿ ಸಣ್ಣ ಉರಿಯಲ್ಲಿ ಎರಡೂ ಬದಿ ಕೆಂಪಗೆ ಮಾಡಿ. ಹಿಟ್ಟು ಹಸಿಯಾಗೇ ಹರಿಯುವಂತಿದ್ದ ಭಾಗವನ್ನು ಮಾತ್ರ ತೆಗೆದು ಬಿಡಿ, ಅದರಲ್ಲಿ ಬೇಯದ ಮೊಟ್ಟೆ ಇರುತ್ತದೆ.